ಡ್ರೈಯರ್ ಗುಂಯ್ ಅಂತದೆ, ತಿರುಗ್ತಿಲ್ಲ. ಕೆಪಾಸಿಟರ್ ಹೊಸದು. ಮೋಟರೇ ಹೋಯ್ತಾ?

ಹಿತ್ತಲಮನೆ (ಹೊಸನಗರ)
ನಮ್ಮದು ಸೆಮಿ ಆಟೊಮ್ಯಾಟಿಕ್ ಮಷಿನ್, ಏಳು ಕಿಲೋದ್ದು. ಒಗೆಯೋ ಕಡೆ ಸರಿ ಇದೆ. ಡ್ರೈಯರ್‌ಗೆ ಬಟ್ಟೆ ಹಾಕಿ ಮುಚ್ಚಳ ಮುಚ್ಚಿ ಟೈಮರ್ ತಿರುಗಿಸಿದ್ರೆ ಗುಂಯ್ ಅಂತ ಸದ್ದು ಬರ್ತದೆ, ತೊಟ್ಟಿ ಅಲ್ಲಾಡೋದಿಲ್ಲ. ಹಾಗೇ ಬಿಟ್ರೆ ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಲ್ತದೆ. ಅರ್ಧ ಗಂಟೆ ಬಿಟ್ಟು ಹಾಕಿದ್ರೆ ಮತ್ತೆ ಗುಂಯ್.

ಮಳೆ ಶುರುವಾಗೋ ಹೊತ್ತಿಗೆ ಇದೇ ತರ ಆಗಿತ್ತು. ಆಗ ರಿಪೇರಿಯವರು ಬಂದು ಕೆಪಾಸಿಟರ್ ಬದಲಿಸಿದ್ರು, ತಿರುಗ್ತು. ಈಗ ಮತ್ತೆ ಅದೇ ಕಥೆ. ಫೋನ್ ಮಾಡಿದ್ರೆ "ಹಂಗಾದ್ರೆ ಮೋಟರ್ ಸುಟ್ಟಿದೆ, ಎರಡು ಸಾವಿರದ ಹತ್ರ ಆಗ್ತದೆ" ಅಂದ್ರು, ಬಂದು ನೋಡ್ಲೇ ಇಲ್ಲ. ಇಲ್ಲಿ ಬಿಸಿಲಿನ ಮುಖ ನೋಡದೆ ಎಷ್ಟು ದಿನ ಆಯ್ತೋ. ಹಿಂಡದ ಬಟ್ಟೆ ಬಚ್ಚಲ ಒಲೆ ಮೇಲಿನ ಗಳಕ್ಕೆ ಹಾಕಿದ್ರೆ ಮೂರು ದಿನಕ್ಕೂ ಒಣಗೋಲ್ಲ, ಮೇಲಿಂದ ಹೊಗೆ ವಾಸನೆ. ಮೋಟರ್ ಹಾಕಿಸೋದಾ, ಬೇರೆ ಏನಾದ್ರೂ ನೋಡಬಹುದಾ?

ಕೊಪ್ಪ ಗಿರಿ
ಕಣ್ಣು ಮುಚ್ಚಿ ಹೇಳ್ತೇನೆ, ಕೆಪಾಸಿಟರ್. ಗುಂಯ್ ಅಂದು ತಿರುಗದಿದ್ರೆ ನೂರಕ್ಕೆ ತೊಂಬತ್ತು ಅದೇ. ಫ್ಯಾನಿಗೂ ಹಂಗೇ ಅಲ್ವಾ. ನಿಮಗೆ ಹಾಕಿದ್ದು ಡೂಪ್ಲಿಕೇಟ್ ಮಾಲು ಇರಬೇಕು. ಈ ಸಲ 5 ಮೈಕ್ರೋ ಫ್ಯಾರಡ್ ಬದಲು 8 ಹಾಕಿಸಿ, ಎತ್ತುವ ಶಕ್ತಿ ಜಾಸ್ತಿ ಬರ್ತದೆ, ಮತ್ತೆ ತಲೆಬಿಸಿ ಇಲ್ಲ.

ವಿನೋಬನಗರದವಳು
ನಮ್ಮನೇದೂ ಹೀಗೇ ಆಗಿತ್ತು, ಶಿವಮೊಗ್ಗದಲ್ಲಿ. ಆದ್ರೆ ನಮ್ಮದರಲ್ಲಿ ಗುಂಯ್ ಅನ್ನೋ ಸದ್ದೂ ಇರಲಿಲ್ಲ, ಸತ್ತ ಹಾಗೆ ಸುಮ್ಮನೆ. ಮುಚ್ಚಳದ ಬಲಗಡೆ ಒತ್ತಿ ಹಿಡಿದ್ರೆ ಮಾತ್ರ ತಿರುಗ್ತಿತ್ತು. ಮುಚ್ಚಳದ ಕೆಳಗಿನ ಸ್ವಿಚ್ ಅಂದ್ರು, ತಾಮ್ರದ ಪಟ್ಟಿ ಹಸಿರು ಹಿಡಿದಿತ್ತು, ಉಜ್ಜಿ ಸ್ವಲ್ಪ ಬಗ್ಗಿಸಿ ಕೊಟ್ರು. ನೀವೂ ಮುಚ್ಚಳ ಒತ್ತಿ ನೋಡಿ ಅಕ್ಕಾ.

ತೀರ್ಥಹಳ್ಳಿ ಮೇಷ್ಟ್ರು
ನಮ್ಮಲ್ಲಿ ಒಂದು ಕಡೆಗೆ ಮಾತ್ರ ತಿರುಗುತ್ತದೆ, ಇನ್ನೊಂದು ಕಡೆಗೆ ತಿರುಗುವುದಿಲ್ಲ. ಬಟ್ಟೆ ಗಂಟು ಬೀಳುತ್ತದೆ. ಇದಕ್ಕೂ ಕೆಪಾಸಿಟರ್ ಕಾರಣವೇ?

ಸಾಗರ ರಿಪೇರಿ
ಮೇಷ್ಟ್ರೇ, ನಿಮ್ಮದು ಒಗೆಯೋ ಕಡೆಯ ವಿಷಯ. ಆ ಮೋಟರ್ರೇ ಬೇರೆ, ಅದನ್ನ ಎರಡೂ ಕಡೆ ತಿರುಗಿಸೋದು ವಾಶ್ ಟೈಮರಿನೊಳಗಿನ ಪಾಯಿಂಟು. ಡ್ರೈಯರ್ ಯಾವತ್ತೂ ಒಂದೇ ಕಡೆ ತಿರುಗೋದು, ಅದಕ್ಕೆ ಬೇರೆ ಮೋಟರ್, ಬೇರೆ ಟೈಮರ್. ನೀವು ಟೈಮರ್ ತೋರಿಸಿ.

ಹಿತ್ತಲಮನೆಯವರೇ, ಮೋಟರ್ ಸುಟ್ಟಿದೆ ಅಂತ ಫೋನಲ್ಲಿ ಹೇಳೋದಕ್ಕೆ ಯಾರಿಗೂ ಆಗೋಲ್ಲ. ನೀವು ಬರೆದದ್ರಲ್ಲೇ ಒಂದು ಒಳ್ಳೇ ಸುಳಿವಿದೆ. ಸದ್ದು ಸ್ವಲ್ಪ ಹೊತ್ತಿಗೆ ನಿಂತು, ಅರ್ಧ ಗಂಟೆ ಬಿಟ್ರೆ ಮತ್ತೆ ಬರ್ತದೆ ಅಂದ್ರಿ. ಅಂದ್ರೆ ಮೋಟರ್ ತಿರುಗಲಾರದೆ ಬಿಸಿಯಾಗಿ, ಒಳಗಿರೋ ಬಿಸಿ ಕಟ್‌ಔಟ್ ಬಿಡಿಸಿಕೊಳ್ತಾ ಇದೆ, ಆರಿದ ಮೇಲೆ ಮತ್ತೆ ಸೇರ್ತಾ ಇದೆ. ಕಾಯಿಲ್ ಪೂರ್ತಿ ಸುಟ್ಟಿದ್ರೆ ಹೀಗೆ ಆಗೋದು ಕಮ್ಮಿ. ಆದ್ರೆ ಹೀಗೇ ಹಾಕಿ ಹಾಕಿ ನೋಡ್ತಾ ಇದ್ರೆ ನಿಜವಾಗ್ಲೂ ಸುಡ್ತದೆ, ಅದಕ್ಕೆ ಇನ್ನು ಮೇಲೆ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಗುಂಯ್ ಅನ್ನಿಸ್ಬೇಡಿ.

ಗುಂಯ್ ಅಂತದೆ ಅಂದ್ರೆ ಮುಚ್ಚಳದ ಸ್ವಿಚ್ಚೂ ಟೈಮರ್ರೂ ಕರೆಂಟ್ ದಾಟಿಸ್ತಾ ಇವೆ. ವಿನೋಬನಗರದ ತಂಗಿಯ ಮನೇಲಿ ಸದ್ದೇ ಇರಲಿಲ್ಲ, ಅದು ಸ್ವಿಚ್. ನಿಮ್ಮದು ಆ ದಾರಿ ಅಲ್ಲ. ಉಳಿದದ್ದು ಎರಡು: ಒಂದೋ ಮೋಟರ್‌ಗೆ ಹೊರಡೋ ಬಲ ಇಲ್ಲ, ಅದು ಕಂಡೆನ್ಸರ್, ಅಂದ್ರೆ ನೀವು ಹೇಳೋ ಕೆಪಾಸಿಟರ್. ಇಲ್ಲಾ ಏನೋ ಹಿಡಿದುಕೊಂಡಿದೆ, ಅದು ಬ್ರೇಕು, ಅಥವಾ ತೊಟ್ಟಿಯ ಸಂದಿಗೆ ಬಿದ್ದ ಕಾಲುಚೀಲ. ಪ್ಲಗ್ ತೆಗೆದು, ತೊಟ್ಟಿ ಕೈಯಲ್ಲಿ ತಿರುಗ್ತದಾ ನೋಡಿ ಹೇಳಿ.

ಹಿತ್ತಲಮನೆ
ಪ್ಲಗ್ ತೆಗೆದು ಮುಚ್ಚಳ ಎತ್ತಿ ತಿರುಗಿಸಿದೆ ಅಣ್ಣ. ಗಟ್ಟಿ ಇದೆ, ಜೋರು ಮಾಡಿದ್ರೆ ಸ್ವಲ್ಪ ಸ್ವಲ್ಪ ಜರುಗ್ತದೆ. ಹಾಗಾದ್ರೆ ಬ್ರೇಕೇ ಅಲ್ವಾ?

ಸಾಗರ ರಿಪೇರಿ
ಇಲ್ಲೇ ಎಲ್ಲರೂ ಎಡವೋದು, ಸುಮಾರು ರಿಪೇರಿಯವರೂ ಸೇರಿ. ಮುಚ್ಚಳ ಎತ್ತಿದ್ರೆ ಬ್ರೇಕ್ ಹಿಡೀಲೇಬೇಕು, ಅದಕ್ಕೇ ಅದನ್ನ ಇಟ್ಟಿರೋದು. ಮುಚ್ಚಳ ತೆಗೆದು ತಿರುಗಿಸಿದ್ರೆ ಅಂಗಡಿಯಿಂದ ಈಗ ತಂದ ಹೊಸ ಮಷಿನ್ನೂ ಗಟ್ಟಿಯೇ ಇರ್ತದೆ. ಅದ್ರಿಂದ ಏನೂ ಗೊತ್ತಾಗೋಲ್ಲ. ಮುಚ್ಚಳ ಮುಚ್ಚಿದಾಗ ಬ್ರೇಕ್ ಬಿಡ್ತದಾ ಅನ್ನೋದು ನಮಗೆ ಬೇಕು, ಆದ್ರೆ ಮುಚ್ಚಿದ್ಮೇಲೆ ತೊಟ್ಟಿಗೆ ಕೈ ಹೋಗೋಲ್ಲ. ಹಾಗಾಗಿ ಹಿಂದಿನಿಂದ ನೋಡ್ಬೇಕು.

ಮುಚ್ಚಳ ಒಂದು, ಅದಕ್ಕೆ ಕೆಲಸ ಎರಡು. ಹಿಂಜ್ ಹತ್ರ ಒಂದು ಪ್ಲಾಸ್ಟಿಕ್ ಕೈ ಮೇಲಿನ ಪ್ಯಾನೆಲ್ ಒಳಗೆ ಹೋಗಿರ್ತದೆ. ಮುಚ್ಚಳ ಮುಚ್ಚಿದಾಗ ಆ ಕೈ ಒಂದು ಕಡೆ ಸ್ವಿಚ್ಚಿನ ಪಟ್ಟಿಗಳನ್ನ ಸೇರಿಸ್ತದೆ, ಇನ್ನೊಂದು ಕಡೆ ಬ್ರೇಕ್ ವೈರ್ ಎಳೀತದೆ. ಆ ವೈರ್ ಕೆಳಗೆ ಬಂದು ಮೋಟರ್ ಮೇಲಿನ ಬ್ರೇಕ್ ಲಿವರಿಗೆ ಸಿಕ್ಕಿಕೊಂಡಿರ್ತದೆ. ವೈರ್ ಎಳೆದ್ರೆ ಶೂ, ಅಂದ್ರೆ ಬ್ರೇಕಿನ ಪಟ್ಟಿ, ಮೋಟರ್ ಶಾಫ್ಟಿನ ಮೇಲಿರೋ ಬ್ರೇಕ್ ಡ್ರಮ್ ಬಿಟ್ಟು ದೂರ ಹೋಗ್ತದೆ. ವೈರ್ ಸಡಿಲ ಬಿಟ್ರೆ ಸ್ಪ್ರಿಂಗ್ ಆ ಶೂವನ್ನ ಡ್ರಮ್ಮಿಗೆ ಒತ್ತಿ ಹಿಡೀತದೆ. ಸೈಕಲ್ಲಿನ ಬ್ರೇಕಿಗೆ ಇದು ಸರೀ ಉಲ್ಟಾ: ವೈರ್ ಜಗ್ಗಿದ್ರೆ ಬಿಡ್ತದೆ, ಸಡಿಲ ಆದ್ರೆ ಹಿಡೀತದೆ. ಹಾಗಾಗಿ ವೈರ್ ಹಳೇದಾಗಿ ಉದ್ದ ಆಗಿದ್ರೂ, ವೈರ್ ಸುತ್ತಲಿನ ಕೊಳವೆಯಂಥ ತೋಳಿನೊಳಗೆ ತುಕ್ಕು ಹಿಡಿದಿದ್ರೂ, ಸ್ವಿಚ್ ಸೇರಿ ಮೋಟರ್‌ಗೆ ಕರೆಂಟ್ ಹೋಗ್ತದೆ, ಬ್ರೇಕ್ ಮಾತ್ರ ಪೂರ್ತಿ ಬಿಟ್ಟಿರೋದಿಲ್ಲ. ಆಗ ಬರೋದು ಇದೇ ಗುಂಯ್.

ಪ್ಲಗ್ ಗೋಡೆಯಿಂದ ಕಿತ್ತು ನಿಮ್ಮ ಕಣ್ಣೆದುರಿಗೆ ಇಟ್ಕೊಳ್ಳಿ, ಸ್ವಿಚ್ ಆಫ್ ಮಾಡಿದ್ರೆ ಸಾಲೋಲ್ಲ. ಬಚ್ಚಲಿನ ಒದ್ದೆ ನೆಲದಲ್ಲಿ ಈ ಕೆಲಸ ಬೇಡ, ಒಣ ಜಾಗಕ್ಕೆ ಎಳ್ಕೊಂಡು ಚಪ್ಪಲಿ ಹಾಕ್ಕೊಂಡು ಮಾಡಿ. ಹಿಂದಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ. ಕಂಡೆನ್ಸರ್ ಕಾಣ್ತದೆ, ಬಿಳಿ ಅಥವಾ ಕಪ್ಪು ಡಬ್ಬಿ, ಅದರ ತುದಿಗಳನ್ನ ಬೆರಳಲ್ಲಿ ಮುಟ್ಬೇಡಿ, ಪ್ಲಗ್ ತೆಗೆದ್ಮೇಲೂ ಹೊಡೀತದೆ. ಮನೆಯವರೊಬ್ಬರು ಮುಚ್ಚಳ ಎತ್ತಿ ಮುಚ್ಚಿ ಮಾಡ್ಲಿ, ನೀವು ಟಾರ್ಚ್ ಹಾಕಿ ಆ ಲಿವರನ್ನೇ ನೋಡಿ. ಆಮೇಲೆ ಮುಚ್ಚಳ ಮುಚ್ಚಿದ ಹಾಗೇ ಇಟ್ಟು ಡ್ರಮ್ ಕೈಯಲ್ಲಿ ತಿರುಗಿಸಿ. ಕೊನೆಗೆ ಲಿವರನ್ನ ಬೆರಳಲ್ಲಿ ಪೂರ್ತಿ ಹಿಂದಕ್ಕೆಳೆದು ಹಿಡಿದು ತಿರುಗಿಸಿ. ಎರಡಕ್ಕೂ ವ್ಯತ್ಯಾಸ ಇದ್ರೆ ಬರೀರಿ.

ಕೊಪ್ಪ ಗಿರಿ
ಇಷ್ಟೆಲ್ಲ ಯಾಕೆ ಅಣ್ಣ. ಮುಚ್ಚಳದ ಸ್ವಿಚ್ಚಿನ ಎರಡು ವೈರ್ ಸೇರಿಸಿ ಟೇಪ್ ಹಾಕಿ, ಮುಚ್ಚಳ ತೆಗೆದೇ ಕೈಯಲ್ಲಿ ಒಂದು ಸುತ್ತು ತಳ್ಳಿದ್ರೆ ಗೊತ್ತಾಗ್ತದೆ. ತಳ್ಳಿದ್ಮೇಲೆ ಓಡಿದ್ರೆ ಕೆಪಾಸಿಟರ್.

ಸಾಗರ ರಿಪೇರಿ
ಗಿರಿ, ತಳ್ಳಿದ್ರೆ ಓಡ್ತದೆ ಅನ್ನೋ ಮಾತು ಫ್ಯಾನಿಗೆ ಸರಿ. ಕಂಡೆನ್ಸರ್ ಸತ್ತ ಮೋಟರ್ ತಳ್ಳಿದ ಕಡೆ ಓಡೋದೂ ಹೌದು. ಆದ್ರೆ ಇದು ನಿಮಿಷಕ್ಕೆ ಸಾವಿರದ ಮುನ್ನೂರು ಸುತ್ತಿನ ತೊಟ್ಟಿ. ಅದರೊಳಗೆ ಕೈ ಇಟ್ಟು ತಳ್ಳಿ, ಹಿಡ್ಕೊಂಡು ಹೋದ್ರೆ, ಕೈಗೆ ಸುತ್ತಿದ ಒದ್ದೆ ಸೀರೆ ಮೊಣಕೈ ತಿರುಚ್ತದೆ. ಇನ್ನೊಂದು ಮಾತು ನೀನು ಯೋಚಿಸ್ಲಿಲ್ಲ. ಸ್ವಿಚ್ ಸೇರಿಸಿಬಿಟ್ರೆ ಮುಚ್ಚಳ ತೆಗೆದಾಗ ಮೋಟರ್‌ಗೆ ಕರೆಂಟ್ ಇರ್ತದೆ, ಬ್ರೇಕ್ ಹಿಡಿದೂ ಇರ್ತದೆ. ಆಗ ಒಳ್ಳೇ ಕಂಡೆನ್ಸರ್ ಇರೋ ಒಳ್ಳೇ ಮೋಟರೂ ತಿರುಗೋಲ್ಲ. ನಿನ್ನ ಪರೀಕ್ಷೆಯಲ್ಲಿ ಎಲ್ಲಾ ಮಷಿನ್ನೂ ಫೇಲು. ಸ್ವಿಚ್ ಸೇರಿಸಿ ಕೊಟ್ಟ ಮಷಿನ್ ನನ್ನ ಹತ್ರ ಬಂದಾಗ ಸಾಧಾರಣವಾಗಿ ಬ್ರೇಕಿನ ಪಟ್ಟಿ ಕರಕಲಾಗಿರ್ತದೆ.

8 ಮೈಕ್ರೋ ಫ್ಯಾರಡ್ ವಿಷಯ. ಆ ಅಳತೆ ಕಾಯಿಲ್ ನೋಡಿ ನಿಗದಿ ಮಾಡಿರೋದು. ದೊಡ್ಡದು ಹಾಕಿದ್ರೆ ಸಹಾಯಕ ಕಾಯಿಲಲ್ಲಿ ಕರೆಂಟ್ ಜಾಸ್ತಿ ಹರೀತದೆ, ಹೊರಡುವಾಗ ಚುರುಕು ಕಾಣ್ತದೆ, ಓಡ್ತಾ ಓಡ್ತಾ ಬಿಸಿ ಏರ್ತದೆ. ಫ್ಯಾನಿನ ತರ ಇಲ್ಲೂ ಕಂಡೆನ್ಸರ್ ಓಡೋ ಅಷ್ಟೂ ಹೊತ್ತು ಲೈನಲ್ಲೇ ಇರ್ತದೆ. ಡಬ್ಬಿ ಮೇಲೆ ಏನು ಬರೆದಿದೆಯೋ ಅದೇ ಮೈಕ್ರೋ ಫ್ಯಾರಡ್, ವೋಲ್ಟ್ 440ಕ್ಕಿಂತ ಕಮ್ಮಿ ಬೇಡ. ಕೆಲವು ಮಷಿನಲ್ಲಿ ಒಂದೇ ಡಬ್ಬಿಯಲ್ಲಿ ಎರಡು ಇರ್ತವೆ, ದೊಡ್ಡ ಅಳತೆಯದ್ದು ಒಗೆಯೋದಕ್ಕೆ, ಸಣ್ಣದು ಡ್ರೈಯರ್‌ಗೆ. ಅದು ಅದಲು ಬದಲಾಗಿ ಹಾಕಿದ ಕೇಸೂ ಬರ್ತವೆ. ಬಿಚ್ಚೋ ಮುಂಚೆ ಮೊಬೈಲಲ್ಲಿ ಫೋಟೋ ತೆಗೀರಿ.

ವಿನೋಬನಗರದವಳು
ಅಯ್ಯೋ, ನಮ್ಮ ಪಕ್ಕದ ಮನೆಯವರು ಸ್ವಿಚ್ ಸೇರಿಸಿಕೊಂಡೇ ಓಡಿಸ್ತಿದ್ದಾರೆ. ಸಣ್ಣ ಮಕ್ಕಳಿರೋ ಮನೆ. ಇದನ್ನ ಓದಿ ಹೇಳ್ತೇನೆ.

ಹಿತ್ತಲಮನೆ
ಅಣ್ಣ ಹೇಳಿದ ಹಾಗೆ ಮಾಡಿದ್ವಿ. ಅತ್ತೆ ಮುಚ್ಚಳ ಎತ್ತಿ ಮುಚ್ಚಿ ಮಾಡಿದ್ರು, ನಾನು ಹಿಂದೆ ಕೂತು ಟಾರ್ಚ್ ಹಿಡಿದೆ. ಲಿವರ್ ಅಲ್ಲಾಡ್ತದೆ, ಆದ್ರೆ ತುಂಬಾ ಕಮ್ಮಿ, ಒಂದು ಗೋಧಿ ಕಾಳಿನಷ್ಟು. ಮುಚ್ಚಿದಾಗ್ಲೂ ಶೂವಿನ ಒಂದು ಬದಿ ಡ್ರಮ್ಮಿಗೆ ತಾಗಿಕೊಂಡೇ ಇದೆ. ಡ್ರಮ್ ತಿರುಗಿಸಿದ್ರೆ ಕರ್ ಕರ್ ಅಂತ ಸವರಿಕೊಂಡು ತಿರುಗ್ತದೆ. ಡ್ರಮ್ಮಿನ ಮೇಲೆ ಆ ಒಂದೇ ಜಾಗದಲ್ಲಿ ಕನ್ನಡಿ ತರ ಹೊಳಪು, ಕೆಳಗೆ ಮೋಟರ್ ಮೇಲೆ ಕಾಡಿಗೆ ಹಾಗಿರೋ ಕಪ್ಪು ಪುಡಿ. ಲಿವರನ್ನ ಬೆರಳಲ್ಲಿ ಪೂರ್ತಿ ಎಳೆದು ತಿರುಗಿಸಿದ್ರೆ ಸಲೀಸು, ಒಂದು ಸಲ ತಳ್ಳಿದ್ರೆ ಎರಡು ಮೂರು ಸುತ್ತು ತಾನೇ ಹೋಗ್ತದೆ.

ಆದ್ರೆ ಒಂದು ಅರ್ಥ ಆಗ್ಲಿಲ್ಲ. ಬ್ರೇಕಿನದ್ದೇ ತೊಂದ್ರೆ ಆಗಿದ್ರೆ ಕೆಪಾಸಿಟರ್ ಬದಲಿಸಿದಾಗ ಸರಿಯಾದದ್ದು ಹೇಗೆ?

ಸಾಗರ ರಿಪೇರಿ
ಕೈ ಬಿಟ್ಟಾಗ ಎರಡು ಮೂರು ಸುತ್ತು ತಾನೇ ಹೋಗ್ತದೆ ಅಂದ್ರೆ ಮೋಟರಿನ ಬುಶ್ಶೂ ಸಂದಿಯೂ ಚೆನ್ನಾಗಿವೆ, ಕಾಲುಚೀಲ ಬಿದ್ದಿಲ್ಲ. ಹೊಳಪು ಮತ್ತೆ ಕಪ್ಪು ಪುಡಿ, ಶೂ ಬಿಡದೆ ಉಜ್ಜಿಕೊಂಡೇ ಓಡಿದ ಗುರುತು.

ನಿಮ್ಮ ಪ್ರಶ್ನೆ ಸರಿಯಾದ್ದು. ಹಳೇ ಕಂಡೆನ್ಸರ್ ಇಟ್ಕೊಂಡಿದ್ದೀರಾ? ಅಳತೆ ಮಾಡಿಸಿ.

ಭದ್ರಾವತಿ ಐಟಿಐ
ಅಕ್ಕಾ, ಮೀಟರಲ್ಲಿ ಕೆಪಾಸಿಟರ್ ಅಳೆಯೋ ಜಾಗ ಇದ್ರೆ ಸುಲಭ. ಮೊದಲು ಅದರಲ್ಲಿ ಉಳಿದ ಕರೆಂಟ್ ಇಳಿಸಬೇಕು. ಸ್ಕ್ರೂಡ್ರೈವರಲ್ಲಿ ಎರಡೂ ತುದಿ ಮುಟ್ಟಿಸ್ತಾರೆ, ಟಪ್ ಅಂತ ಕಿಡಿ ಹಾರ್ತದೆ, ಅದು ಬೇಡ. ಹಳೇ ತಂತಿ ಬಲ್ಬಿನ ಹೋಲ್ಡರಿಗೆ ಎರಡು ವೈರ್ ಹಾಕಿ, ಆ ವೈರಿನ ತುದಿ ಕೆಪಾಸಿಟರಿನ ಎರಡು ತುದಿಗೆ ಸ್ವಲ್ಪ ಹೊತ್ತು ಹಿಡೀರಿ. ಆಮೇಲೆ ಅದರ ವೈರ್ ಮಷಿನ್‌ನಿಂದ ಬಿಡಿಸಿ ಅಳೀಬೇಕು, ಹಾಗೇ ಅಳೆದ್ರೆ ಕಾಯಿಲ್ ಸೇರಿ ಲೆಕ್ಕ ತಪ್ತದೆ. ಡಬ್ಬಿ ಮೇಲೆ ಬರೆದದ್ದಕ್ಕೂ ಮೀಟರಲ್ಲಿ ಬಂದದ್ದಕ್ಕೂ ನೂರಕ್ಕೆ ಐದು ಹೆಚ್ಚು ಕಮ್ಮಿ ಇರಬಹುದು.

ಮೋಟರೂ ನೋಡಬಹುದು. ಮೂರು ವೈರ್ ಬರ್ತವೆ. ಎರಡೆರಡು ವೈರ್ ಹಿಡಿದು ಓಮ್ ನೋಡಿ, ಮೂರು ಲೆಕ್ಕ ಸಿಗ್ತದೆ. ದೊಡ್ಡ ಲೆಕ್ಕ ಉಳಿದೆರಡರ ಮೊತ್ತಕ್ಕೆ ಸರಿ ಬಂದ್ರೆ ಕಾಯಿಲ್ ತುಂಡಾಗಿಲ್ಲ.

ಹಿತ್ತಲಮನೆ
ರಿಪ್ಪನ್‌ಪೇಟೆಯಿಂದ ನಮ್ಮ ಮಾವನ ಮಗ ಮೀಟರ್ ತಂದಿದ್ದ. ಹಳೇ ಕೆಪಾಸಿಟರ್ ಶೆಡ್ಡಲ್ಲಿ ಅಡಿಕೆ ಚೀಲದ ಹತ್ರ ಬಿದ್ದಿತ್ತು. ಅದರ ಮೇಲೆ 5 ಅಂತ ಇದೆ, ಮೀಟರಲ್ಲಿ 3.9. ಹೊಸದರಲ್ಲಿ 4.9. ಮೋಟರ್ ಲೆಕ್ಕ 41, 56, 97 ಓಮ್. ಕೂಡಿಸಿದ್ರೆ ಸರಿ ಬರ್ತದೆ. ಹಾಗಾದ್ರೆ ಮೋಟರ್ ಸುಟ್ಟಿಲ್ಲ ಅಂತ ಆಯ್ತಾ?

ಸಾಗರ ರಿಪೇರಿ
ಕಾಯಿಲ್ ತುಂಡಾಗಿಲ್ಲ ಅಂತ ಆಯ್ತು. ಒಂದೆರಡು ಸುತ್ತು ಒಳಗೇ ಸೇರಿಕೊಂಡಿದ್ರೆ ಓಮಲ್ಲಿ ಕಾಣೋದು ಕಷ್ಟ, ಆದ್ರೆ ಸದ್ಯಕ್ಕೆ ಹೊಸ ಮೋಟರ್ ಕೊಳ್ಳೋ ಕಾರಣ ನನಗೆ ಕಾಣ್ತಿಲ್ಲ. ಐಟಿಐ ಹುಡುಗ ಚೆನ್ನಾಗಿ ಹೇಳಿದ. ಒಂದು ವೈರಿಂದ ಮೋಟರಿನ ಮೈಯ ಕಬ್ಬಿಣಕ್ಕೂ ಹಿಡಿದು ನೋಡಿ, ಅಲ್ಲಿ ಲೆಕ್ಕ ಏನೂ ಬರಬಾರದು. ಬಂದ್ರೆ ಮಷಿನ್ ಹಾಕ್ಲೇಬೇಡಿ.

ಈಗ ನಿಮ್ಮ ಪ್ರಶ್ನೆಗೆ. ಆಗ ಎರಡೂ ಕೆಟ್ಟಿದ್ವು. ಕಂಡೆನ್ಸರ್ 5 ಇರೋದು 3.9ಕ್ಕೆ ಇಳಿದು ಹೊರಡೋ ಬಲ ಕಮ್ಮಿ ಮಾಡಿತ್ತು, ಬ್ರೇಕ್ ಸ್ವಲ್ಪ ಸವರ್ತಾ ಇತ್ತು. ಹೊಸ ಕಂಡೆನ್ಸರ್ ಬಂದಾಗ ಮೋಟರ್ ಆ ಸವರೋದನ್ನ ಮೀರಿ ಎಳ್ಕೊಂಡು ಹೋಯ್ತು. ರಿಪೇರಿಯವನು ಕಂಡೆನ್ಸರ್ ಬದಲಿಸಿದ್ದು ತಪ್ಪಲ್ಲ, ಹಿಂದಿನ ತಟ್ಟೆ ತೆಗೆದವನು ಲಿವರ್ ನೋಡದೆ ಮುಚ್ಚಿದ್ದು ತಪ್ಪು. ಆಮೇಲೆ ಮಳೆಗೆ ವೈರಿನ ತೋಳಿನೊಳಗೆ ತುಕ್ಕು ಜಾಸ್ತಿಯಾಗಿ ಲಿವರಿನ ಎಳೆತ ಇನ್ನೂ ಕಮ್ಮಿ ಆಯ್ತು. ಹೊಸ ಕಂಡೆನ್ಸರಿಗೂ ಮೀರದಷ್ಟು ಹಿಡಿತ ಬಂತು.

ವೈರ್ ಸರಿ ಮಾಡೋದು ಹೀಗೆ. ಮೇಲಿನ ಪ್ಯಾನೆಲ್ ಸ್ಕ್ರೂ ಬಿಚ್ಚಿ ಎತ್ತಿ. ಮುಚ್ಚಳದ ಕೈಗೆ ವೈರ್ ಸಿಕ್ಕಿಸಿರೋ ಕಡೆ ಸಾಧಾರಣವಾಗಿ ಒಂದಕ್ಕಿಂತ ಜಾಸ್ತಿ ತೂತು ಅಥವಾ ಕಚ್ಚು ಇರ್ತದೆ. ವೈರ್ ಬಿಗಿಯಾಗೋ ಕಡೆಗೆ ಒಂದು ತೂತು ಜರುಗಿಸಿ. ಅದಕ್ಕೂ ಮುಂಚೆ ತೋಳಿನ ಮೇಲಿನ ಬಾಯಿಗೆ ಹೊಲಿಗೆ ಮಷಿನಿನ ಎಣ್ಣೆ ಎರಡು ಮೂರು ಹನಿ ಬಿಟ್ಟು, ಲಿವರ್ ಹಿಂದೆ ಮುಂದೆ ಆಡಿಸ್ತಾ ಇಳಿಸಿ. ಕೆಳಗೆ ಡ್ರಮ್ ಕಡೆ ಒಂದು ಹನಿಯೂ ಹೋಗ್ಬಾರದು, ಬ್ರೇಕಿಗೆ ಎಣ್ಣೆ ಬಿದ್ರೆ ಮುಚ್ಚಳ ತೆಗೆದಾಗ ತೊಟ್ಟಿ ನಿಲ್ಲೋಲ್ಲ. ಬಟ್ಟೆ ಸುತ್ತಿ ಇಟ್ಕೊಳ್ಳಿ.

ಮುಚ್ಚಳ ಮುಚ್ಚಿದಾಗ ಶೂವಿಗೂ ಡ್ರಮ್ಮಿಗೂ ಮಧ್ಯೆ ಒಂದು, ಒಂದೂವರೆ ಮಿಲಿಮೀಟರ್ ಸಂದಿ ಕಾಣ್ಬೇಕು, ಯಾವ ಬದಿಯೂ ತಾಗಬಾರದು. ಮುಚ್ಚಳ ಎತ್ತಿದಾಗ ಶೂ ಪೂರ್ತಿ ಕೂರಬೇಕು. ವೈರ್ ಅತಿ ಬಿಗಿ ಮಾಡಿದ್ರೆ ಡ್ರೈಯರ್ ಚಂದ ಓಡ್ತದೆ, ಬ್ರೇಕ್ ಮಾತ್ರ ಹಿಡಿಯೋಲ್ಲ, ಅದು ಇದಕ್ಕಿಂತ ಅಪಾಯ.

ಹಿತ್ತಲಮನೆ
ತಿರುಗ್ತು ಅಣ್ಣ! ಮೋಟರ್ ಮೈಗೆ ಹಿಡಿದಾಗ ಮೀಟರಲ್ಲಿ ಏನೂ ಬರಲಿಲ್ಲ. ವೈರ್ ಕೊನೇ ತೂತಲ್ಲಿತ್ತು, ಒಂದು ಒಳಗೆ ಹಾಕಿದ್ವಿ. ಖಾಲಿ ಓಡಿಸಿ ಮುಚ್ಚಳ ಎತ್ತಿದ್ರೆ ನಾಲ್ಕೈದು ಸೆಕೆಂಡಲ್ಲಿ ನಿಲ್ತದೆ. ಬಟ್ಟೆ ಹಾಕಿಯೂ ಓಡ್ತು. ಅತ್ತೆಗೆ ಮುಖ ಅರಳಿತು.

ಒಂದೇ ಬೇಜಾರು. ಬೆಳಿಗ್ಗೆ ಟಕ್ ಅಂತ ವೇಗ ಹಿಡೀತದೆ, ಸಂಜೆ ಏಳರ ಹೊತ್ತಿಗೆ ಹಾಕಿದ್ರೆ ನಿಧಾನಕ್ಕೆ ಹೊರಡ್ತದೆ, ಕಂಬಳಿ ಹಾಕಿದ್ರಂತೂ ಮತ್ತೆ ಗುಂಯ್.

ಭದ್ರಾವತಿ ಐಟಿಐ
ಸಂಜೆ ವೋಲ್ಟೇಜ್ ಎಷ್ಟಿದೆ ನೋಡಿ ಅಕ್ಕಾ, ಮಷಿನ್ ಹಾಕಿರೋ ಪ್ಲಗ್ಗಲ್ಲೇ.

ಹಿತ್ತಲಮನೆ
170. ಮಧ್ಯಾಹ್ನ 215 ಇತ್ತು.

ಭದ್ರಾವತಿ ಐಟಿಐ
ಅದೇ. ಹೊರಡೋ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳೀತದೆ. 230ಕ್ಕೆ ಇರೋ ಬಲದಲ್ಲಿ 170ಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಉಳೀತದೆ. ಕಾಲು ಭಾಗ ವೋಲ್ಟೇಜ್ ಹೋದ್ರೆ ಅರ್ಧದ ಹತ್ರ ಬಲ ಹೋಯ್ತು.

ಕೊಪ್ಪ ಗಿರಿ
ಅದಕ್ಕೇ ನಾನು 8 ಹಾಕಿ ಅಂದದ್ದು. ನಮ್ಮ ಕಡೆ ಎಲ್ಲಾ ಹಾಗೇ ಹಾಕ್ತಾರೆ, ಯಾರದ್ದೂ ಸುಟ್ಟಿಲ್ಲ.

ಸಾಗರ ರಿಪೇರಿ
ನಿಮ್ಮ ಕಡೆ ಸುಟ್ಟದ್ದು ನನ್ನ ಟೇಬಲಿಗೆ ಬರ್ತದೆ ಗಿರಿ. 6ರವರೆಗೆ ಹಾಕೋರು ಇದ್ದಾರೆ, ನಾನು ಹಾಕೋಲ್ಲ. ಹಿತ್ತಲಮನೆಯವರು ಡ್ರೈಯರ್ ಮಧ್ಯಾಹ್ನವೇ ಹಾಕ್ಲಿ, ಕಂಬಳಿ ಕೈಯಲ್ಲಿ ಹಿಂಡಿ ನೀರಿಳಿಸಿ ಹಾಕ್ಲಿ.

ನನಗೆ ಉಳಿದ ಅನುಮಾನ ಬೇರೆ. ಬ್ರೇಕ್ ವೈರ್ ಕೆಳಗಿನ ತುದಿ ಅಷ್ಟು ತುಕ್ಕು ಹಿಡಿಯೋಕೆ ನೀರು ಎಲ್ಲಿಂದ ಬಂತು? ಡ್ರೈಯರ್ ತೊಟ್ಟಿಯ ಕೆಳಗೆ ರಬ್ಬರ್ ಸೀಲ್ ಇದೆ, ಅದು ಹರಿದಿದ್ರೆ ಸೋಪಿನ ನೀರು ಸೀದಾ ಬ್ರೇಕಿನ ಮೇಲೆ ಇಳೀತದೆ. ಶಾಫ್ಟ್ ಸುತ್ತ ಬಿಳಿ ಗೆರೆ ಇದೆಯಾ?

ಹಿತ್ತಲಮನೆ
ಸ್ವಲ್ಪ ಬಿಳಿ ಕಲೆ ಇದೆ. ಆದ್ರೆ ಈಗ ನೀರು ಹಾಕಿ ನೋಡಿದೆ, ಕೆಳಗೆ ಒಣಗಿದೆ.

ತೀರ್ಥಹಳ್ಳಿ ಮೇಷ್ಟ್ರು
ಮಷಿನನ್ನು ಹಿಂಬದಿಯ ಜಗಲಿಯಲ್ಲಿ ಇಟ್ಟಿದ್ದರೆ ಗಾಳಿ ಮಳೆಯ ಎರಚಲೇ ಸಾಕು. ನಮ್ಮಲ್ಲಿ ಹಾಗೆಯೇ ಆಗಿ ಇಡೀ ತಳ ತುಕ್ಕು ಹಿಡಿದಿದೆ, ಸೀಲ್ ಚೆನ್ನಾಗಿಯೇ ಇದೆ. ಅಂದ ಹಾಗೆ ಟೈಮರ್ ಬದಲಿಸಿದೆ, ಎರಡೂ ಕಡೆ ತಿರುಗುತ್ತಿದೆ.

ಹಿತ್ತಲಮನೆ
ಜಗಲಿಯಲ್ಲೇ ಇದೆ ಮೇಷ್ಟ್ರೇ, ಎರಚಲು ಬರ್ತದೆ.

ಸಾಗರ ರಿಪೇರಿ
ಹಾಗಿದ್ರೆ ಎರಡೂ ಇರಬಹುದು. ಸುಮ್ಮನೆ ನಿಂತಾಗ ಸೀಲ್ ಒಣಗಿದ ಹಾಗೆ ಕಂಡು, ತಿರುಗುವಾಗ ಮಾತ್ರ ಸೋರೋದೂ ಉಂಟು. ಮಷಿನ್ ಒಳಗೆ ತಂದು, ಕೆಳಗೆ ಹಳೇ ಪೇಪರ್ ಹಾಸಿ, ಒದ್ದೆ ಬಟ್ಟೆ ಹಾಕಿ ಒಂದು ಸಲ ಪೂರ್ತಿ ಐದು ನಿಮಿಷ ಓಡಿಸಿ. ಮೋಟರ್ ಕೆಳಗಿನ ಪೇಪರ್ ನೆನೆದ್ರೆ ಸೀಲು, ಪೈಪಿನ ಕೆಳಗಿನದ್ದು ನೆನೆದ್ರೆ ಪೈಪಿನ ಕ್ಲಿಪ್ಪು. ಸೀಲ್ ಆಗಿದ್ರೆ ತೊಟ್ಟಿ ಹೊರಗೆ ತೆಗೀಬೇಕು, ಅದನ್ನ ಮನೇಲಿ ಮಾಡೋಕೆ ಹೋಗ್ಬೇಡಿ, ಕಪ್ಲಿಂಗ್ ಬೋಲ್ಟ್ ತುಕ್ಕು ಹಿಡಿದಿದ್ರೆ ಶಾಫ್ಟೇ ತಿರುಚ್ತದೆ.